ನಿರ್ಗಮನ ಚೀಟಿ: ಐದು ನಿಮಿಷದ ಒಂದು ಪ್ರಶ್ನೆ

ಪಾಠದ ಕೊನೆಯ 5 ನಿಮಿಷಗಳಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆದು ಅಧ್ಯಾಪಕರಿಗೆ ಒಪ್ಪಿಸುವ ಕಾಗದವೇ ನಿರ್ಗಮನ ಚೀಟಿ, ಅಂದರೆ ಎಕ್ಸಿಟ್ ಟಿಕೆಟ್. ಇದಕ್ಕೆ ಅಂಕಗಳಿಲ್ಲ, ಮುಂದಿನ ಪಾಠವನ್ನು ಎಲ್ಲಿಂದ ತೊಡಗಬೇಕೆಂಬುದನ್ನು ಇದು ತಿಳಿಸುತ್ತದೆ.

ಸಂಧಿಪಾಠದ ಬಳಿಕ ‘ಆದೇಶ ಸಂಧಿ ಎಂದರೇನು?’ ಎಂದು ಕೇಳಿದರೆ ಕಂಠಪಾಠವೇ ಉತ್ತರವಾಗಿ ಬರುತ್ತದೆ. ಬದಲಾಗಿ, ತರಗತಿಯಲ್ಲಿ ಚರ್ಚಿಸದ ‘ಹೂದೋಟ’ ಪದವನ್ನು ಬಿಡಿಸಿ, ಸಂಧಿಯನ್ನು ಕಾರಣಸಹಿತ ಹೆಸರಿಸಲು ಹೇಳಬೇಕು. ‘ಹೂ + ದೋಟ’ ಎಂದು ಬರೆದವರು ತಕಾರವು ದಕಾರವಾದುದನ್ನು ಗಮನಿಸಿಲ್ಲ. ಅವರಿಗೆ ಪದ ಬಿಡಿಸುವ ಅಭ್ಯಾಸ ಬೇಕು. ‘ಹೂ + ತೋಟ’ ಎಂದು ಸರಿಯಾಗಿ ಬಿಡಿಸಿಯೂ ಆಗಮ ಸಂಧಿ ಎಂದವರು, ಅಕ್ಷರವು ಹೊಸದಾಗಿ ಸೇರುವುದಕ್ಕೂ ಇದ್ದುದರ ಸ್ಥಾನದಲ್ಲಿ ಮತ್ತೊಂದು ಬರುವುದಕ್ಕೂ ಇರುವ ಭೇದವನ್ನು ಅರಿತಿಲ್ಲ. ಅವರಿಗೆ ‘ಮನೆಯಲ್ಲಿ’ ಪದದ ಯಕಾರಾಗಮವನ್ನು ಜೊತೆಗಿಟ್ಟು ತೋರಿಸಬೇಕು. ಕಾರಣವಿಲ್ಲದ ಸರಿಯುತ್ತರ ಊಹೆಯೂ ಆಗಿರಬಹುದು.