ಮುಂದಿನ ಹಂತದಿಂದ ಕೈಗಡ: ಚಿಪ್‌ನೊಳಗಿನ ಸಮಯದ ಲೆಕ್ಕ

ಪ್ರೊಸೆಸರ್‌ನೊಳಗೆ ಯಾವ ದೊಡ್ಡ ಕೆಲಸವೂ ಒಂದೇ ಏಟಿಗೆ ಮುಗಿಯುವುದಿಲ್ಲ. ಅದನ್ನು ಹಂತಗಳಾಗಿ ಒಡೆದು, ಒಂದು ಹಂತದ ಫಲಿತಾಂಶವನ್ನು ಮುಂದಿನ ಹಂತಕ್ಕೆ ದಾಟಿಸುತ್ತಾ ಹೋಗುತ್ತಾರೆ. ಇದಕ್ಕೆ ಪೈಪ್‌ಲೈನ್ ಎಂದು ಹೆಸರು. ಎಲ್ಲ ಹಂತಗಳೂ ಒಂದೇ ಕ್ಲಾಕ್‌ನ ತಾಳಕ್ಕೆ ಹೆಜ್ಜೆ ಹಾಕಬೇಕು. ತೊಡಕು ಹುಟ್ಟುವುದು ಇಲ್ಲೇ. ಕೆಲಸವನ್ನು ಎಷ್ಟೇ ಜಾಣತನದಿಂದ ಒಡೆದರೂ ತುಂಡುಗಳು ಸಮನಾಗುವುದಿಲ್ಲ. ಗುಣಾಕಾರದ ಹಂತ ಉದ್ದವಾಗುತ್ತದೆ, ವಿಳಾಸ ಲೆಕ್ಕ ಹಾಕುವ ಹಂತ ಬೇಗ ಮುಗಿಯುತ್ತದೆ. ಕ್ಲಾಕ್ ಮಾತ್ರ ಅತಿ ನಿಧಾನದ ಹಂತಕ್ಕೆ ತಕ್ಕಂತೆ ನಡೆಯಬೇಕಾಗುತ್ತದೆ.

ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ಎರಡು ಹಂತಗಳಿವೆ. ಮೊದಲನೆಯದರ ತರ್ಕ ಮಂಡಲಕ್ಕೆ 1100 ಪಿಕೋಸೆಕೆಂಡ್ ಬೇಕು, ಎರಡನೆಯದಕ್ಕೆ 700 ಸಾಕು. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಹಂತಗಳ ನಡುವೆ ಫ್ಲಿಪ್-ಫ್ಲಾಪ್ ಇಟ್ಟಿದ್ದೇವೆ ಎಂದುಕೊಳ್ಳಿ. ಫ್ಲಿಪ್-ಫ್ಲಾಪ್ ಕ್ಲಾಕ್ ಏರುವ ಆ ಒಂದು ಕ್ಷಣದಲ್ಲಿ ಮಾತ್ರ ತನ್ನ ಮುಂದಿರುವ ಡೇಟಾವನ್ನು ಹಿಡಿದುಕೊಳ್ಳುತ್ತದೆ. ಡೇಟಾ ಆ ಕ್ಷಣಕ್ಕೆ ಸ್ವಲ್ಪ ಮೊದಲೇ ಬಂದು ಸ್ಥಿರವಾಗಿರಬೇಕು, ಹಿಡಿದ ಮೇಲೆ ಅದು ಹೊರಬರಲು ಇನ್ನಷ್ಟು ಹೊತ್ತು ಬೇಕು. ಈ ಎರಡಕ್ಕೂ ಸೇರಿ 100 ಪಿಕೋಸೆಕೆಂಡ್ ಇಟ್ಟರೆ ಕ್ಲಾಕ್‌ನ ಅವಧಿ 1200 ಆಗುತ್ತದೆ, ವೇಗ ಸುಮಾರು 833 ಮೆಗಾಹರ್ಟ್ಸ್. ಎರಡನೇ ಹಂತ ಪ್ರತಿ ಸುತ್ತಿನಲ್ಲೂ 400 ಪಿಕೋಸೆಕೆಂಡ್ ಸುಮ್ಮನೆ ಕೂತಿರುತ್ತದೆ. ಪಕ್ಕದ ಹಂತ ಏದುಸಿರು ಬಿಡುತ್ತಿದ್ದರೂ ಆ ಬಿಡುವನ್ನು ಅದಕ್ಕೆ ಕೊಡಲು ದಾರಿಯಿಲ್ಲ, ಏಕೆಂದರೆ ನಡುವಿನ ಫ್ಲಿಪ್-ಫ್ಲಾಪ್ ಒಂದು ಕ್ಷಣ ತಡವಾದರೂ ಒಪ್ಪುವುದಿಲ್ಲ.

ಲ್ಯಾಚ್‌ನ ಗುಣವೇ ಬೇರೆ. ಕ್ಲಾಕ್ ಮೇಲಿರುವಷ್ಟು ಹೊತ್ತೂ ಅದು ತೆರೆದಿರುತ್ತದೆ. ಆ ಅವಧಿಯಲ್ಲಿ ಒಳಗೆ ಬಂದದ್ದು ಹಾಗೇ ಹೊರಗೆ ಹೋಗುತ್ತದೆ. ಕ್ಲಾಕ್ ಇಳಿದಾಗ ಲ್ಯಾಚ್ ಮುಚ್ಚಿ, ಕೊನೆಯಲ್ಲಿ ಕಂಡದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆರೆಯುವ ಹೊತ್ತಿಗೆ ಡೇಟಾ ಬಂದಿರದಿದ್ದರೂ ಪರವಾಗಿಲ್ಲ, ಮುಚ್ಚುವುದರೊಳಗೆ ಬಂದರೆ ಆಯಿತು. ತಡವಾಗಿ ಬಂದ ಹಂತ ಮುಂದಿನ ಹಂತದ ಸಮಯದಲ್ಲಿ ಒಂದಷ್ಟನ್ನು ಕೈಗಡವಾಗಿ ಪಡೆದಂತಾಯಿತು. ಎಂಜಿನಿಯರುಗಳು ಇದನ್ನು ಟೈಮ್ ಬಾರೋಯಿಂಗ್ ಎನ್ನುತ್ತಾರೆ.

ಅದೇ ಪೈಪ್‌ಲೈನನ್ನು ಲ್ಯಾಚ್‌ಗಳಿಂದ ಕಟ್ಟೋಣ. ಈಗ ಕ್ಲಾಕ್‌ನ ಅವಧಿ 1000 ಪಿಕೋಸೆಕೆಂಡ್. ಎರಡು ಬಗೆಯ ಲ್ಯಾಚ್‌ಗಳಿವೆ: ಒಂದು ಬಗೆಯದು ಸುತ್ತಿನ ಮೊದಲರ್ಧದಲ್ಲಿ ತೆರೆದಿರುತ್ತದೆ, ಇನ್ನೊಂದು ಉಳಿದರ್ಧದಲ್ಲಿ. ಇವನ್ನು ಒಂದಾದ ಮೇಲೊಂದರಂತೆ ಇಡುತ್ತಾರೆ. ಮೊದಲ ಹಂತದ ತರ್ಕವನ್ನು 600 ಮತ್ತು 500 ಎಂದು, ಎರಡನೆಯದನ್ನು 350 ಮತ್ತು 350 ಎಂದು ಒಡೆಯೋಣ. ಪ್ರತಿ ಲ್ಯಾಚ್ ದಾಟಲು 40 ಪಿಕೋಸೆಕೆಂಡ್. ಮುಚ್ಚುವುದಕ್ಕೆ 50 ಪಿಕೋಸೆಕೆಂಡ್ ಮೊದಲೇ ಡೇಟಾ ಬಂದಿರಬೇಕು.

ಶೂನ್ಯ ಸಮಯದಲ್ಲಿ ಮೊದಲ ಲ್ಯಾಚ್ ತೆರೆಯುತ್ತದೆ. ಡೇಟಾ 40ಕ್ಕೆ ಹೊರಟು, 600ರ ತರ್ಕ ದಾಟಿ, 640ಕ್ಕೆ ಎರಡನೇ ಲ್ಯಾಚ್ ಮುಟ್ಟುತ್ತದೆ. ಆ ಲ್ಯಾಚ್ 500ಕ್ಕೇ ತೆರೆದಿದೆ, ಅಂದರೆ 140 ಸಾಲವಾಯಿತು. ಅಲ್ಲಿಂದ 680ಕ್ಕೆ ಹೊರಟು 1180ಕ್ಕೆ ಮೂರನೆಯದನ್ನು ತಲುಪುತ್ತದೆ. ಅದು ತೆರೆದದ್ದು 1000ಕ್ಕೆ, ಸಾಲ 180ಕ್ಕೆ ಏರಿತು. ಇನ್ನು ಮುಂದಿನವು ಹಗುರ ಹಂತಗಳು. 1220ಕ್ಕೆ ಹೊರಟದ್ದು 1570ಕ್ಕೆ ನಾಲ್ಕನೇ ಲ್ಯಾಚ್ ಸೇರುತ್ತದೆ. ಅದು ತೆರೆಯುವುದು 1500ಕ್ಕೆ, ಹಾಗಾಗಿ ಸಾಲ 70ಕ್ಕೆ ಇಳಿಯಿತು. 1610ಕ್ಕೆ ಹೊರಟದ್ದು 1960ಕ್ಕೆ ಐದನೆಯದರ ಮುಂದಿದೆ, ಆ ಲ್ಯಾಚ್ ತೆರೆಯಲು ಇನ್ನೂ 40 ಪಿಕೋಸೆಕೆಂಡ್ ಬಾಕಿ. ಸಾಲ ಪೂರ್ತಿ ತೀರಿತು. 833 ಮೆಗಾಹರ್ಟ್ಸ್‌ನಲ್ಲಿ ತೆವಳುತ್ತಿದ್ದ ಮಂಡಲ ಈಗ 1 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ. ತರ್ಕದ ಒಂದು ಗೇಟನ್ನೂ ಚುರುಕು ಮಾಡಿಲ್ಲ. ಯಾವ ಲ್ಯಾಚ್‌ಗೂ, ಯಾವ ಕ್ಲಾಕ್ ತಂತಿಗೂ ಸಾಲ ಕೊಡು ಎಂದು ಯಾರೂ ಹೇಳಿಲ್ಲ. ಸಾಲ ಎಷ್ಟು ಎಂಬುದು ಡೇಟಾ ಬಂದು ತಲುಪುವ ಹೊತ್ತಿನಿಂದಲೇ ತೀರ್ಮಾನವಾಗುತ್ತದೆ. ಚಿಪ್‌ನ ಒಂದು ಮೂಲೆ ಬಿಸಿಯಾಗಿ ಅಲ್ಲಿನ ಗೇಟುಗಳು ತುಸು ನಿಧಾನವಾದರೆ ಸಾಲವೂ ಅಷ್ಟೇ ಹಿಗ್ಗುತ್ತದೆ. ಈ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಈ ಗುಣ.

ಇನ್ನೊಂದು ಲಾಭವೂ ಇದರೊಂದಿಗೇ ಬರುತ್ತದೆ. ಕ್ಲಾಕ್ ಚಿಪ್‌ನ ಎಲ್ಲ ಮೂಲೆಗೂ ಒಂದೇ ಹೊತ್ತಿಗೆ ತಲುಪುವುದಿಲ್ಲ. ಮೂರನೇ ಲ್ಯಾಚ್ 1000ದ ಬದಲು 1050ಕ್ಕೆ ತೆರೆಯಿತು ಎನ್ನಿ. ಡೇಟಾ ಬರುವುದೇ 1180ಕ್ಕೆ, ಆದ್ದರಿಂದ ಅದಕ್ಕೆ ಈ 50ರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಫ್ಲಿಪ್-ಫ್ಲಾಪ್ ವಿನ್ಯಾಸದಲ್ಲಾದರೆ ಇಂಥ ವ್ಯತ್ಯಾಸಕ್ಕೆಂದು ಪ್ರತಿ ಸುತ್ತಿನಲ್ಲೂ ಒಂದಷ್ಟು ಸಮಯವನ್ನು ಮೊದಲೇ ತೆಗೆದಿಡಬೇಕಾಗುತ್ತದೆ.

ಆದರೆ ಸಾಲ ಒಂದೇ ದಿಕ್ಕಿಗೆ ಸಾಗುತ್ತದೆ. ಮೇಲಿನ ಲೆಕ್ಕದ ಹಂತಗಳನ್ನು ಅದಲುಬದಲು ಮಾಡಿ, ಹಗುರವಾದದ್ದನ್ನು ಮೊದಲಿಡಿ. ಡೇಟಾ 390ಕ್ಕೇ ಎರಡನೇ ಲ್ಯಾಚ್ ತಲುಪಿ 500ರವರೆಗೆ ಕಾಯುತ್ತದೆ. 540ಕ್ಕೆ ಹೊರಟು 890ಕ್ಕೆ ಮೂರನೆಯದನ್ನು ತಲುಪಿ 1000ದವರೆಗೆ ಮತ್ತೆ ಕಾಯುತ್ತದೆ. ಎರಡು ಕಡೆಯೂ ತಲಾ 110 ಪಿಕೋಸೆಕೆಂಡ್ ಸೋರಿಹೋಯಿತು. ಮುಚ್ಚಿದ ಲ್ಯಾಚ್ ಮುಂದೆ ಕಾದ ಸಮಯವನ್ನು ಮುಂದಿನ ಹಂತಕ್ಕೆ ಉಳಿತಾಯವಾಗಿ ಕೊಡಲು ಬರುವುದಿಲ್ಲ. ಭಾರದ ಹಂತ ಕೊನೆಯಲ್ಲಿ 180ರ ಸಾಲ ಹೊತ್ತೇ ಐದನೇ ಲ್ಯಾಚ್ ಸೇರುತ್ತದೆ. ಅದರಾಚೆಯ ಹಂತದಲ್ಲಿ ಬಿಡುವಿದ್ದರೆ ಸರಿ, ಅದೂ ಭಾರದ್ದಾಗಿದ್ದರೆ ಸಾಲ ಬೆಳೆಯುತ್ತಾ ಒಂದು ಕಡೆ ಲ್ಯಾಚ್ ಮುಚ್ಚುವ ಹೊತ್ತನ್ನು ಮೀರುತ್ತದೆ. ಹಾಗಾಗಿ ಲ್ಯಾಚ್ ವಿನ್ಯಾಸದಲ್ಲಿ ಭಾರದ ಹಂತ ಹಗುರದ್ದಕ್ಕಿಂತ ಮೊದಲು ಬರುವಂತೆ ತರ್ಕವನ್ನು ಜೋಡಿಸಿಕೊಳ್ಳುವುದು ಮೇಲು.

ಸಾಲಕ್ಕೆ ಮಿತಿಯೂ ಇದೆ. ನಮ್ಮ ಲೆಕ್ಕದಲ್ಲಿ ಲ್ಯಾಚ್ ತೆರೆದಿರುವುದು 500, ಅದರಲ್ಲಿ ಕೊನೆಯ 50ನ್ನು ಕಳೆದರೆ ಒಂದು ಲ್ಯಾಚ್‌ನಲ್ಲಿ 450ಕ್ಕಿಂತ ಹೆಚ್ಚು ಸಾಲ ಹುಟ್ಟುವುದಿಲ್ಲ. ನೇರ ಹಾದಿಯಲ್ಲಿ ಈ ಮಿತಿ ಧಾರಾಳವೆನಿಸುತ್ತದೆ. ಆದರೆ ಹಾದಿ ಸುತ್ತಿ ಬಂದು ತನ್ನನ್ನೇ ಸೇರುವ ಕಡೆ ಕಥೆ ಬೇರೆ. ಮೊತ್ತ ಕೂಡುತ್ತಾ ಹೋಗುವ ಮಂಡಲದಲ್ಲಿ ಈ ಸುತ್ತಿನ ಉತ್ತರವೇ ಮುಂದಿನ ಸುತ್ತಿಗೆ ಒಳಬರುತ್ತದೆ. ಅಲ್ಲಿ ಎರಡು ಲ್ಯಾಚ್‌ಗಳ ನಡುವೆ ತಲಾ 475ರ ತರ್ಕವಿದೆ ಎನ್ನೋಣ. ಲ್ಯಾಚ್ ದಾಟುವ 40 ಸೇರಿ ಅರ್ಧ ಸುತ್ತಿಗೆ 515 ಆಯಿತು, ಅಂದರೆ ಪ್ರತಿ ಅರ್ಧ ಸುತ್ತಿಗೂ 15ರ ಸಾಲ. ತೀರಿಸಲು ಬಿಡುವಿನ ಹಂತ ಯಾವುದೂ ಇಲ್ಲ, ಸಾಲ ತನ್ನ ತಲೆಯ ಮೇಲೇ ಬಂದು ಬೀಳುತ್ತದೆ. 15ನೇ ಸುತ್ತಿನ ಕೊನೆಗೆ ಅದು ಸರಿಯಾಗಿ 450 ಮುಟ್ಟುತ್ತದೆ. 16ನೇ ಸುತ್ತಿನಲ್ಲಿ ಡೇಟಾ ತಪ್ಪುತ್ತದೆ. ಹತ್ತು ಸಂಖ್ಯೆ ಕೂಡಿಸಿ ನೋಡುವ ಪರೀಕ್ಷೆಯಲ್ಲಿ ಈ ಚಿಪ್ ತೇರ್ಗಡೆಯಾಗುತ್ತದೆ, ಇಪ್ಪತ್ತನ್ನು ಬಿಡುವಿಲ್ಲದೆ ಕೂಡಿಸಿದರೆ ತಪ್ಪು ಉತ್ತರ ಕೊಡುತ್ತದೆ. ಆದ್ದರಿಂದ ಯಾವುದೇ ಸುತ್ತುಹಾದಿಯ ಒಟ್ಟು ವಿಳಂಬ, ಅದಕ್ಕೆ ಸಿಕ್ಕಿರುವ ಒಟ್ಟು ಕ್ಲಾಕ್ ಅವಧಿಯೊಳಗೆ ಇರಲೇಬೇಕು. ಈ ನಿಯಮವನ್ನು ಎಷ್ಟು ಸಾಲ ಮಾಡಿದರೂ ದಾಟಲಾಗದು.

ಇಷ್ಟೊಂದು ಲ್ಯಾಚ್‌ಗಳ ಸಾಲ ಒಂದರ ಮೇಲೊಂದು ಅವಲಂಬಿಸಿರುವಾಗ ಲೆಕ್ಕ ಪರಿಶೀಲಿಸುವುದೇ ಕಷ್ಟದ ಕೆಲಸ. ಮಿಷಿಗನ್ ವಿಶ್ವವಿದ್ಯಾಲಯದ ಸಕಲ್ಲಾ, ಮಡ್ಜ್ ಮತ್ತು ಒಲುಕೊಟುನ್ 1990ರಲ್ಲಿ ಇದಕ್ಕೊಂದು ಗಣಿತದ ಚೌಕಟ್ಟು ಕೊಟ್ಟರು. ಡೇಟಾ ಲ್ಯಾಚ್‌ನಿಂದ ಹೊರಡುವ ಹೊತ್ತು ಎರಡರಲ್ಲಿ ತಡವಾದದ್ದು: ಲ್ಯಾಚ್ ತೆರೆಯುವ ಕ್ಷಣ, ಇಲ್ಲವೇ ಡೇಟಾ ಬಂದ ಕ್ಷಣ. ಪ್ರತಿ ಲ್ಯಾಚ್‌ಗೂ ಈ ಒಂದು ಮಾತನ್ನು ಬರೆದು, ಸಂಖ್ಯೆಗಳು ಬದಲಾಗದೆ ನಿಲ್ಲುವವರೆಗೆ ಮತ್ತೆ ಮತ್ತೆ ಲೆಕ್ಕ ಹಾಕಬಹುದು. ಸುತ್ತುಹಾದಿಯಲ್ಲಿ ಸಂಖ್ಯೆಗಳು ನಿಲ್ಲದೆ ಬೆಳೆಯುತ್ತಲೇ ಹೋದರೆ ಅಲ್ಲಿ 16ನೇ ಸುತ್ತಿನಂಥ ಅಪಾಯವಿದೆ ಎಂದರ್ಥ. ಇಂದಿನ ಟೈಮಿಂಗ್ ತಂತ್ರಾಂಶಗಳ ವರದಿಯಲ್ಲಿ `time given to startpoint` ಎಂಬ ಸಾಲು ಕಾಣುತ್ತದೆ. ಈ ಹಾದಿಯ ಆರಂಭದ ಲ್ಯಾಚ್ ಹಿಂದಿನ ಹಂತಕ್ಕೆ ಎಷ್ಟು ಸಮಯ ಕೊಟ್ಟು ಕೂತಿದೆ ಎಂಬುದನ್ನು ಅದು ಹೇಳುತ್ತದೆ. ಹಾದಿ ತಪ್ಪಿದೆ ಎಂದು ವರದಿ ಬಂದಾಗ ಮೊದಲು ನೋಡಬೇಕಾದದ್ದು ಅದನ್ನೇ. ಆ ಸಂಖ್ಯೆ ದೊಡ್ಡದಿದ್ದರೆ ಸರಿಪಡಿಸಬೇಕಾದ ತರ್ಕ ಹಿಂದೆಲ್ಲೋ ಇದೆ.

ಒಂದು ತಂಡ ಮಾಡಿದ ಸಾಲವನ್ನು ಪಕ್ಕದ ತಂಡದ ಭಾಗ ತೀರಿಸುವಂತಾದರೆ ಕೆಲಸದಲ್ಲಿ ಜಗಳ ತಪ್ಪದು. ಅದಕ್ಕಾಗಿ ಭಾಗಗಳ ಗಡಿಯ ಲ್ಯಾಚ್‌ಗಳಲ್ಲಿ ಸಾಲಕ್ಕೆ ಮಿತಿ ಹಾಕುತ್ತಾರೆ. ಸಮಯವನ್ನು ನ್ಯಾನೋಸೆಕೆಂಡಿನಲ್ಲಿ ಕೊಡುವುದಾದರೆ, 100 ಪಿಕೋಸೆಕೆಂಡಿನ ಮಿತಿಯನ್ನು ಹೀಗೆ ಬರೆಯಬಹುದು:

```
set_max_time_borrow 0.1 [get_cells u_edge_latch]
```

ಲ್ಯಾಚ್ ತೆರೆದಿರುವುದರಿಂದ ಸಿಗುವ ಸೌಲಭ್ಯದ ಮಗ್ಗುಲಲ್ಲೇ ಅದರ ದೊಡ್ಡ ಅಪಾಯವೂ ಇದೆ. ಒಂದು ಲ್ಯಾಚ್ ತೆರೆಯುವ ಕ್ಷಣಕ್ಕೆ ಅದರ ಮುಂದಿನದು ಮುಚ್ಚಬೇಕು. ಮುಂದಿನದಕ್ಕೆ ಕ್ಲಾಕ್ 60 ಪಿಕೋಸೆಕೆಂಡ್ ತಡವಾಗಿ ತಲುಪಿದರೆ ಅಷ್ಟು ಹೊತ್ತು ಎರಡೂ ತೆರೆದಿರುತ್ತವೆ. ನಡುವೆ ಬರೀ ಒಂದು ತುಂಡು ತಂತಿಯಿದ್ದರೆ ಹೊಸ ಡೇಟಾ ನುಗ್ಗಿ ಬಂದು ಹಳೆಯದನ್ನು ಅಳಿಸಿಹಾಕುತ್ತದೆ. ಕ್ಲಾಕನ್ನು ನಿಧಾನ ಮಾಡಿದರೂ ಈ ದೋಷ ಹೋಗುವುದಿಲ್ಲ. ಅದನ್ನು ಗುರುತಿಸುವ ದಾರಿಯೂ ಇದೇ: ವೇಗ ಇಳಿಸಿದಾಗ ಮಾಯವಾಗುವ ತಪ್ಪು ತಡವಾದ ಡೇಟಾದಿಂದ ಬಂದದ್ದು, ಇಳಿಸಿದರೂ ಉಳಿಯುವ ತಪ್ಪಿನಲ್ಲಿ ಶಂಕೆ ಇಂಥ ನುಗ್ಗಾಟದ ಮೇಲೆ. ಪರಿಹಾರಕ್ಕೆ ಚಿಕ್ಕ ಹಾದಿಗಳಲ್ಲಿ ಬಫರ್‌ಗಳನ್ನು ಸೇರಿಸಬಹುದು. ಇಲ್ಲವೇ ಎರಡು ಬಗೆಯ ಲ್ಯಾಚ್‌ಗಳೂ ಮುಚ್ಚಿರುವ ಒಂದು ಕಿರು ಅಂತರವನ್ನು ಕ್ಲಾಕ್‌ನಲ್ಲೇ ಇಡಬಹುದು. ಆದರೆ ಆ ಅಂತರ ಸಾಲ ಸಿಗುವ ಅವಧಿಯಿಂದಲೇ ಕಡಿತವಾಗುತ್ತದೆ.

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1992ರಲ್ಲಿ ತಂದ ಆಲ್ಫಾ 21064 ಪ್ರೊಸೆಸರ್ ಅಂತರವಿಲ್ಲದ ದಾರಿಯನ್ನೇ ಹಿಡಿಯಿತು. 200 ಮೆಗಾಹರ್ಟ್ಸ್‌ನ ಆ ಚಿಪ್‌ನಲ್ಲಿ ಒಂದೇ ಕ್ಲಾಕ್ ಸಂಕೇತವಿತ್ತು. ಅದು ಮೇಲಿದ್ದಾಗ ಕೆಲವು ಲ್ಯಾಚ್‌ಗಳು, ಕೆಳಗಿದ್ದಾಗ ಉಳಿದವು ತೆರೆಯುತ್ತಿದ್ದವು. 5 ನ್ಯಾನೋಸೆಕೆಂಡಿನ ಸುತ್ತಿನಲ್ಲಿ ಒಂದಿಷ್ಟೂ ವ್ಯರ್ಥವಾಗದಿರಲಿ ಎಂಬ ಆಸೆ ಅದರ ಹಿಂದಿತ್ತು, ನುಗ್ಗಾಟ ತಡೆಯುವ ಹೊಣೆ ವಿನ್ಯಾಸಕಾರರ ಮೇಲೆ ಬಿತ್ತು. ಅದೇ ಕುಟುಂಬದ 21264 ಫ್ಲಿಪ್-ಫ್ಲಾಪ್‌ಗಳತ್ತ ಹೊರಳಿತು. ಅದರಲ್ಲಿ ವಿದ್ಯುತ್ ಉಳಿಸಲು ಕ್ಲಾಕನ್ನು ಅಲ್ಲಲ್ಲಿ ತಡೆದು ನಿಲ್ಲಿಸುವ ಏರ್ಪಾಡು ಬಂದಿತ್ತು. ಬೇರೆ ಬೇರೆ ಕ್ಲಾಕ್ ಕವಲುಗಳ ನಡುವೆ ಲ್ಯಾಚ್‌ಗಳ ನುಗ್ಗಾಟವನ್ನು ಕಾಯುವುದು ಸುಲಭವಲ್ಲ.

ತಯಾರಾಗಿ ಬಂದ ಚಿಪ್‌ನಲ್ಲಿ ತಪ್ಪು ಹುಡುಕುವಾಗಲೂ ಲ್ಯಾಚ್ ವಿನ್ಯಾಸ ಹೆಚ್ಚು ತಾಳ್ಮೆ ಬೇಡುತ್ತದೆ. ಕ್ಲಾಕ್‌ನ ಯಾವುದೋ ಒಂದು ಸುತ್ತನ್ನಷ್ಟೇ ಹಿಗ್ಗಿಸಿ, ತಪ್ಪು ಹೋಯಿತೇ ಎಂದು ನೋಡುವ ಒಂದು ಕ್ರಮವಿದೆ. ಫ್ಲಿಪ್-ಫ್ಲಾಪ್‌ಗಳ ನಡುವೆ ತಡವಾಗಿದ್ದರೆ ಸಾಮಾನ್ಯವಾಗಿ ಒಂದೇ ಒಂದು ಸುತ್ತನ್ನು ಹಿಗ್ಗಿಸಿದಾಗ ತಪ್ಪು ಮರೆಯಾಗುತ್ತದೆ. ಲ್ಯಾಚ್‌ಗಳಲ್ಲಿ ಸಾಲ ಹಲವು ಹಂತ ದಾಟಿ ಬಂದಿದ್ದರೆ, ಅವುಗಳಲ್ಲಿ ಯಾವ ಸುತ್ತನ್ನು ಹಿಗ್ಗಿಸಿದರೂ ತಪ್ಪು ಮರೆಯಾಗುತ್ತದೆ. ಹಾಗೆ ಮರೆಯಾಗುವ ಸುತ್ತುಗಳನ್ನು ಹಿಂದಕ್ಕೆ ಎಣಿಸುತ್ತಾ, ಹಿಗ್ಗಿಸಿದರೂ ಫಲ ಕಾಣದ ಮೊದಲ ಸುತ್ತು ಸಿಕ್ಕಿತೆಂದರೆ, ಸಾಲ ಹುಟ್ಟಿದ್ದು ಅದರ ನಂತರದ ಹಂತದಲ್ಲಿ.