ಕೆಂಪು ಮಾತ್ರೆಗೊಂದು ಹೊತ್ತು, ಕ್ಯಾಲ್ಸಿಯಂಗೊಂದು ಹೊತ್ತು

ಬಸುರಿಯೊಬ್ಬಳು ಐದನೇ ತಿಂಗಳಲ್ಲಿ ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದರೆ ಕೈಯಲ್ಲಿ ಎರಡು ಬಗೆಯ ಮಾತ್ರೆ ಇರುತ್ತವೆ. ಒಂದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆ, ದಿನಕ್ಕೊಂದು. ಇನ್ನೊಂದು ಕ್ಯಾಲ್ಸಿಯಂ, ವಿಟಮಿನ್ ಡಿ ಸೇರಿಸಿದ್ದು, ದಿನಕ್ಕೆರಡು. ಮನೆಯಲ್ಲಿ ಏನಾಗುತ್ತದೆಂದರೆ, ಮರೆತುಹೋಗಬಾರದೆಂದು ಬೆಳಿಗ್ಗೆ ತಿಂಡಿಯಾದ ಮೇಲೆ ಎರಡನ್ನೂ ಒಟ್ಟಿಗೆ ನುಂಗಿ, ಹಿಂದೆಯೇ ಒಂದು ಲೋಟ ಕಾಫಿ ಕುಡಿದುಬಿಡುತ್ತಾಳೆ. ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.5 ಇದ್ದದ್ದು 9.6 ಆಗಿರುತ್ತದೆ. "ಮಾತ್ರೆಯಲ್ಲಿ ಏನೂ ಇಲ್ಲ" ಎಂಬ ದೂರು ಹುಟ್ಟುವುದು ಅಲ್ಲಿಂದಲೇ.

ಮಾತ್ರೆಯಲ್ಲಿ ಇದೆ, ಅದು ರಕ್ತಕ್ಕೆ ಸೇರುತ್ತಿಲ್ಲ ಅಷ್ಟೆ. ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಕಾಫಿ, ಟೀಯಲ್ಲಿರುವ ಒಗರಿನ ಅಂಶಗಳು ಅಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಕ್ಯಾಲ್ಸಿಯಂ ಕೂಡ ಜೊತೆಗಿದ್ದರೆ ಅಡ್ಡ ಬರುತ್ತದೆ. ಹಾಲು, ಮೊಸರಿನದೂ ಅದೇ ಕಥೆ. ಹಾಗಾಗಿ ದಿನವನ್ನು ಹೀಗೆ ಹಂಚಿಕೊಂಡರೆ ಸಲೀಸು: ಬೆಳಿಗ್ಗೆ ತಿಂಡಿಯ ಜೊತೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟದ ಜೊತೆ ಇನ್ನೊಂದು. ರಾತ್ರಿ ಎಂಟಕ್ಕೆ ಊಟ ಮುಗಿದರೆ, ಹತ್ತು ಗಂಟೆಗೆ ಒಂದು ಲೋಟ ನೀರಿನಲ್ಲಿ, ಅಥವಾ ನಿಂಬೆ ಹಿಂಡಿದ ನೀರಿನಲ್ಲಿ, ಕೆಂಪು ಮಾತ್ರೆ. ಮಲಗುವ ಮುಂಚೆ ಬಸುರಿಗೆ ಬಿಸಿ ಹಾಲು ಕೊಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದನ್ನು ಸಂಜೆಗೆ ಬದಲಾಯಿಸಿಕೊಳ್ಳಬೇಕು.

ರಾತ್ರಿಯ ಹೊತ್ತನ್ನು ಆರಿಸಲು ಇನ್ನೊಂದು ಕಾರಣವಿದೆ. ಕಬ್ಬಿಣಾಂಶದ ಮಾತ್ರೆ ಹೊಟ್ಟೆ ತೊಳಸುತ್ತದೆ; ಕೆಲವರಿಗೆ ಎದೆಯುರಿ, ಕೆಲವರಿಗೆ ಮಲಬದ್ಧತೆ, ಅಪರೂಪಕ್ಕೆ ಭೇದಿ. ನಿದ್ದೆಯಲ್ಲಿರುವಾಗ ತೊಳಸುವುದು ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ನುಂಗಿದ ಕೂಡಲೇ ಮಲಗಬಾರದು. ಸ್ವಲ್ಪ ಹೊತ್ತು ಕೂತಿರಬೇಕು, ಇಲ್ಲದಿದ್ದರೆ ಎದೆಯುರಿ ಹೆಚ್ಚುತ್ತದೆ. ಹಾಗೆ ಮಾಡಿದರೂ ತಡೆಯಲಾಗದಿದ್ದರೆ ಸ್ವಲ್ಪ ಆಹಾರದ ಜೊತೆ ತೆಗೆದುಕೊಳ್ಳಬಹುದು. ಹೀರಿಕೆ ಕಡಿಮೆಯಾಗುತ್ತದೆ ನಿಜ, ಆದರೆ ಮಾತ್ರೆಯನ್ನೇ ಬಿಟ್ಟುಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಗ್ಯಾಸ್ಟ್ರಿಕ್ ಮಾತ್ರೆಯನ್ನು ತಾನಾಗಿ ಶುರು ಮಾಡಿಕೊಳ್ಳುವುದು ಮಾತ್ರ ಬೇಡ, ಹೊಟ್ಟೆಯ ಆಮ್ಲ ಕಡಿಮೆಯಾದಷ್ಟೂ ಕಬ್ಬಿಣ ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ.

ಮಲ ಕಪ್ಪಗಾಗುವುದು ಹೆದರಿಕೆ ಹುಟ್ಟಿಸುತ್ತದೆ. ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ ಅದು, ಅಪಾಯವಿಲ್ಲ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ತೀರಾ ಕೆಟ್ಟ ವಾಸನೆಯಿಂದ ಕೂಡಿದ್ದು, ತಲೆಸುತ್ತೂ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು. ಆಗ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಮಾಣದ ವಿಚಾರದಲ್ಲಿ ಗೊಂದಲ ಹೆಚ್ಚು. ಪೊಟ್ಟಣದ ಮೇಲಿನ ದೊಡ್ಡ ಅಂಕಿ ಬೇರೆ, ಒಳಗಿರುವ ಶುದ್ಧ ಕಬ್ಬಿಣ ಬೇರೆ. 200 ಮಿಲಿಗ್ರಾಂ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ಕಬ್ಬಿಣ ಇರುವುದು ಸುಮಾರು 60 ಮಿಲಿಗ್ರಾಂ. ನೋಡಬೇಕಾದದ್ದು ‘ಎಲಿಮೆಂಟಲ್ ಐರನ್’ ಎಂದು ಬರೆದಿರುವ ಅಂಕಿಯನ್ನು. ಸರ್ಕಾರಿ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ, ಬಸುರಿಯಲ್ಲಿ ರಕ್ತಹೀನತೆ ತಡೆಯಲು ದಿನಕ್ಕೆ ಅಷ್ಟು ಸಾಕು. ಹಿಮೋಗ್ಲೋಬಿನ್ 11ಕ್ಕಿಂತ ಇಳಿದಿದ್ದರೆ ವೈದ್ಯರು ಎರಡು ಮಾತ್ರೆಗೆ ಏರಿಸುತ್ತಾರೆ. 7ಕ್ಕಿಂತ ಕೆಳಗಿದ್ದರೆ ಮಾತ್ರೆಯನ್ನು ನಂಬಿ ಕೂರುವಂತಿಲ್ಲ, ಆಸ್ಪತ್ರೆಯ ಚಿಕಿತ್ಸೆಯೇ ಬೇಕು.

ಬೇಗ ಗುಣವಾಗಲೆಂದು ಹೆಚ್ಚೆಚ್ಚು ನುಂಗಿದರೆ ಲಾಭವಿಲ್ಲ. ಒಂದು ದೊಡ್ಡ ಪ್ರಮಾಣ ಒಳಗೆ ಹೋದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಸುಮಾರು ಒಂದು ದಿನದ ಮಟ್ಟಿಗೆ ಅದು ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಡುತ್ತದೆ. ಅದಕ್ಕೇ ಬಸುರಿಯಲ್ಲದ, ಕಬ್ಬಿಣದ ಕೊರತೆಯಿರುವ ಹೆಂಗಸರಿಗೆ ದಿನ ಬಿಟ್ಟು ದಿನ ಒಂದು ಮಾತ್ರೆ ಕೊಡುವ ಪದ್ಧತಿಯೂ ಬಂದಿದೆ. ಪ್ರತಿ ಮಾತ್ರೆಯಿಂದ ಹೀರಿಕೊಳ್ಳುವ ಪಾಲು ಹೆಚ್ಚುತ್ತದೆ, ಹೊಟ್ಟೆಯ ತೊಂದರೆಯೂ ಇಳಿಯಬಹುದು. ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ದಿನ ತಪ್ಪಿಸಬಾರದು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೇ ದೇಹದ ದಾಸ್ತಾನು ತುಂಬುವುದು.

ಸರಿಯಾಗಿ ತೆಗೆದುಕೊಂಡರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಕಡಿಮೆಯೆಂದರೆ ಒಂದು ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆಯ ಬ್ರಾಂಡ್ ಬದಲಿಸುತ್ತಾ ಹೋಗುವುದು ತಪ್ಪು ದಾರಿ. ಥಲಸೀಮಿಯಾದ ವಾಹಕರಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆಯೇ ಇರುತ್ತದೆ, ರಕ್ತಕಣಗಳೂ ಚಿಕ್ಕವು, ಆದರೆ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಸರಿಯಾಗಿಯೇ ಇರಬಹುದು. ಅಂಥವರಿಗೆ ವರ್ಷಗಟ್ಟಲೆ ಕಬ್ಬಿಣಾಂಶ ಕೊಡುವುದು ನಿಷ್ಪ್ರಯೋಜಕ, ಕ್ರಮೇಣ ಹಾನಿಯೂ ಹೌದು. ಬಸುರಿ ವಾಹಕಳೆಂದು ತಿಳಿದರೆ ಗಂಡನಿಗೂ ಪರೀಕ್ಷೆ ಬೇಕಾಗುತ್ತದೆ, ಏಕೆಂದರೆ ಇಬ್ಬರೂ ವಾಹಕರಾದರೆ ಮಗುವಿಗೆ ತೀವ್ರ ರೂಪದ ಕಾಯಿಲೆ ಬರಬಹುದು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾದರೆ ಮೊದಲು ಹುಡುಕಬೇಕಾದದ್ದು ರಕ್ತ ಎಲ್ಲಿ ಹೋಗುತ್ತಿದೆ ಎಂಬುದನ್ನು: ಮೂಲವ್ಯಾಧಿಯೋ, ನೋವಿನ ಮಾತ್ರೆಯಿಂದಾದ ಹೊಟ್ಟೆಯ ಹುಣ್ಣೋ, ಕರುಳಿನ ಗಡ್ಡೆಯೋ.

ಇದೇ ಮನೆಯಲ್ಲಿ ಅರವತ್ತು ದಾಟಿದ ಅತ್ತೆಯವರು ಮಂಡಿ ನೋವಿಗೆಂದು ತಾವೇ ಅಂಗಡಿಯಿಂದ ಕ್ಯಾಲ್ಸಿಯಂ ತಂದು ನುಂಗುತ್ತಿರುತ್ತಾರೆ. ಮಂಡಿಯ ಸವೆತಕ್ಕೆ ಕ್ಯಾಲ್ಸಿಯಂ ಮದ್ದಲ್ಲ. ಅವರ ಊಟವನ್ನು ಲೆಕ್ಕ ಹಾಕಿ ನೋಡಿ: ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350 ಮಿಲಿಗ್ರಾಂ, ದಿನಕ್ಕೆ ಕಾಲು ಲೀಟರ್ ಹಾಲಿನಲ್ಲಿ 300, ಒಂದು ಬಟ್ಟಲು ಮೊಸರಿನಲ್ಲಿ 200ರ ಮೇಲೆ, ಸೊಪ್ಪು ಬೇಳೆಯಿಂದ ಇನ್ನೂ ನೂರಿನ್ನೂರು. ಸಾವಿರ ಮುಟ್ಟುತ್ತದೆ, ವಯಸ್ಕರಿಗೆ ಬೇಕಾದದ್ದೂ ಸುಮಾರು ಅಷ್ಟೇ. ಮುಟ್ಟು ನಿಂತವರಿಗೆ ಇನ್ನೊಂದಿಷ್ಟು ಹೆಚ್ಚು. ಅದರ ಮೇಲೆ ದಿನಕ್ಕೆ ಎರಡು ಮಾತ್ರೆ ಸೇರಿಸಿದರೆ ಸಿಗುವುದು ಹೊಟ್ಟೆಯುಬ್ಬರ, ಮಲಬದ್ಧತೆ, ಕೆಲವರಲ್ಲಿ ಮೂತ್ರಪಿಂಡದ ಕಲ್ಲು. ಮೂಳೆ ಟೊಳ್ಳಾಗಿದೆಯೆಂದು ಪರೀಕ್ಷೆಯಿಂದ ಗೊತ್ತಾಗಿ ಅದಕ್ಕೆ ಔಷಧಿ ನಡೆಯುತ್ತಿದ್ದರೆ, ಅಥವಾ ಹಾಲು ರಾಗಿ ಎರಡೂ ಒಗ್ಗದಿದ್ದರೆ ಮಾತ್ರೆ ಬೇಕಾದೀತು. ಬೇಕಾದರೂ ಒಂದು ಸಲಕ್ಕೆ 500 ಮಿಲಿಗ್ರಾಂ ದಾಟದಂತೆ, ಊಟದ ಜೊತೆ. ಥೈರಾಯ್ಡ್ ಮಾತ್ರೆ ನುಂಗುವವರು ಕ್ಯಾಲ್ಸಿಯಂ, ಕಬ್ಬಿಣಾಂಶ ಎರಡನ್ನೂ ಅದರಿಂದ ನಾಲ್ಕು ಗಂಟೆ ದೂರ ಇಡಬೇಕು.

ನನಗೆ ಹೆಚ್ಚು ಆತಂಕ ತರುವುದು ವಿಟಮಿನ್ ಡಿಯ 60,000 ಯೂನಿಟ್ ಸ್ಯಾಶೆ. ಆರೋಗ್ಯವಂತರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್ ಆಸುಪಾಸು. ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಸ್ಯಾಶೆಯನ್ನು ವಾರಕ್ಕೊಂದರಂತೆ ಎಂಟು ವಾರ ಕೊಟ್ಟು ಪ್ರಮಾಣ ಇಳಿಸುತ್ತಾರೆ. ಚೀಟಿಯಲ್ಲಿ ‘ವಾರಕ್ಕೊಂದು’ ಎಂದಿದ್ದುದು ಮನೆಯಲ್ಲಿ ‘ದಿನಕ್ಕೊಂದು’ ಆಗಿಬಿಡುವುದುಂಟು, ಹಳೆಯ ಚೀಟಿ ತೋರಿಸಿ ತಿಂಗಳಾನುಗಟ್ಟಲೆ ಕೊಳ್ಳುವುದೂ ಉಂಟು. ಈ ವಿಟಮಿನ್ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹಸಿವು ಸತ್ತು, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕೊನೆಗೆ ಮಂಕು ಕವಿಯುತ್ತದೆ. ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ವಯಸ್ಸಾದವರಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದೋ ಮರೆವು ಎಂದೋ ತಿಳಿಯುವ ಸಂಭವ ಹೆಚ್ಚು. ಈ ಲಕ್ಷಣಗಳು ಕಂಡರೆ ಸ್ಯಾಶೆ, ಕ್ಯಾಲ್ಸಿಯಂ ಎರಡನ್ನೂ ನಿಲ್ಲಿಸಿ ವೈದ್ಯರ ಬಳಿ ಹೋಗಿ, ರಕ್ತದ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ನೋಡಿಸಬೇಕು. ಡಿ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಬೇಕು, ಯಾಕೆಂದರೆ ನಿಲ್ಲಿಸಿದ ಮೇಲೂ ಅದರ ಪರಿಣಾಮ ತಿಂಗಳುಗಟ್ಟಲೆ ಉಳಿಯಬಹುದು.