ಕಿಲೋ ಹಿಟ್ಟಿಗೆ ಎಷ್ಟು ಚಕ್ಕುಲಿ?

ಸೀಮಂತಕ್ಕೋ ಗೋಕುಲಾಷ್ಟಮಿಗೋ ಚಕ್ಕುಲಿ ಮಾಡಲು ಹೊರಟ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ಕೇಳಿದರೆ ಒಬ್ಬರು ಎಪ್ಪತ್ತು ಎನ್ನುತ್ತಾರೆ, ಇನ್ನೊಬ್ಬರು ನೂರು ದಾಟುತ್ತದೆ ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಲೆಕ್ಕ ಹಿಡಿಯಬೇಕಾದದ್ದು ಒಣ ಹಿಟ್ಟಿನಲ್ಲಲ್ಲ, ಕಲಸಿದ ಹಿಟ್ಟಿನ ತೂಕದಲ್ಲಿ.

ಬೆಣ್ಣೆ ಹಾಕಿ ಮಾಡುವ ಚಕ್ಕುಲಿಯನ್ನೇ ತೆಗೆದುಕೊಳ್ಳಿ. 800 ಗ್ರಾಂ ಅಕ್ಕಿಹಿಟ್ಟು, 200 ಗ್ರಾಂ ಉದ್ದಿನ ಹಿಟ್ಟು, 100 ಗ್ರಾಂ ಬೆಣ್ಣೆ. ಉಪ್ಪು, ಎಳ್ಳು, ಜೀರಿಗೆ, ಇಂಗು ಸೇರಿ ಸುಮಾರು 50 ಗ್ರಾಂ. ಹದಕ್ಕೆ ಬರಲು 650 ಮಿಲಿ ಲೀಟರಿನಷ್ಟು ನೀರು ಹಿಡಿಯಿತು ಎನ್ನಿ. ಒಟ್ಟು 1,800 ಗ್ರಾಂ ಕಲಸಿದ ಹಿಟ್ಟು ಸಿಕ್ಕಿತು.

ಇದರಲ್ಲಿ ಹೆಚ್ಚು ಏರುಪೇರಾಗುವುದು ನೀರು. ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ ಬೀಸಿಸಿದ ಹಿಟ್ಟಿನಲ್ಲಿ ಪಸೆ ಉಳಿದಿರುತ್ತದೆ. ಅದಕ್ಕೆ 550 ಮಿಲಿ ಲೀಟರೇ ಸಾಕಾಗಬಹುದು. ಅಂಗಡಿಯ ಒಣ ಹಿಟ್ಟು ಹೆಚ್ಚು ಕುಡಿಯುತ್ತದೆ. ಆದ್ದರಿಂದ ಅಳತೆಯ ನೀರನ್ನು ಒಮ್ಮೆಲೇ ಸುರಿಯಬಾರದು. ಒತ್ತುವಾಗ ಎಳೆ ತುಂಡಾಗುತ್ತಿದ್ದರೆ ನೀರು ಸಾಲದು, ಕೈಗೆ ಅಂಟುತ್ತಿದ್ದರೆ ಹೆಚ್ಚಾಗಿದೆ. ನೀರು ಹೆಚ್ಚಾದ ಚಕ್ಕುಲಿ ಎಣ್ಣೆ ಹೀರಿ ಮೆತ್ತಗಾಗುತ್ತದೆ. ತೂಕ ಬೆಳೆದು ಸಂಖ್ಯೆ ಹೆಚ್ಚಿತಲ್ಲ ಎಂದು ಆಗ ಸಂತೋಷಪಡುವಂತಿಲ್ಲ.

ಉದ್ದಿಗೆ ಇಲ್ಲಿ ಬೇರೆಯೇ ಕೆಲಸ. ಅಕ್ಕಿಹಿಟ್ಟಿನಲ್ಲಿ ಗೋಧಿಯ ಜಿಗಿಯಿಲ್ಲ, ಅದೊಂದನ್ನೇ ಒತ್ತಿದರೆ ಎಳೆ ಸುತ್ತುವಾಗಲೇ ಮುರಿಯುತ್ತದೆ. ಉದ್ದಿನ ಲೋಳೆ ಅದನ್ನು ಹಿಡಿದಿಡುತ್ತದೆ. ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ನುಣ್ಣಗೆ ಬೀಸಿಸಿ, ಜರಡಿ ಹಿಡಿಯಬೇಕು. ಬೇಳೆ ಕೆಂಪಗಾದರೆ ಚಕ್ಕುಲಿಯೂ ಬೇಗ ಕೆಂಪಾಗುತ್ತದೆ. ಜರಡಿ ಹಿಡಿಯುವುದನ್ನು ಮಾತ್ರ ಯಾರೂ ಬಿಡಬೇಡಿ. ತರಿ ಉಳಿದರೆ ಎಣ್ಣೆಯಲ್ಲಿ ಸಿಡಿದು ಮೈಗೆ ಹಾರುವ ಅಪಾಯವಿದೆ.

ಗರಿಗರಿ ಕೊಡುವುದು ಬೆಣ್ಣೆ. ನೀರು ಹಾಕುವ ಮೊದಲೇ ಅದನ್ನು ಒಣ ಹಿಟ್ಟಿಗೆ ಹಾಕಿ ಎರಡೂ ಅಂಗೈಯಿಂದ ಚೆನ್ನಾಗಿ ಉಜ್ಜಬೇಕು. ಹಿಟ್ಟಿನ ಕಣಗಳಿಗೆ ಜಿಡ್ಡು ಸವರಿಕೊಂಡರೆ ಅವು ಒಂದಕ್ಕೊಂದು ಬಿಗಿದು ಗಟ್ಟಿಯಾಗುವುದಿಲ್ಲ, ಕಚ್ಚಿದೊಡನೆ ಮುರಿಯುತ್ತವೆ. ಮುಷ್ಟಿಯಲ್ಲಿ ಹಿಡಿದ ಹಿಟ್ಟು ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಪುಡಿಯಾದರೆ ಬೆಣ್ಣೆ ಸರಿಯಾಗಿದೆ. ರುಚಿಯಾಗಲಿ ಎಂದು ಇನ್ನಷ್ಟು ಸುರಿದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿ ಚೂರಾಗುತ್ತದೆ, ಎಣಿಸಲು ಏನೂ ಉಳಿಯುವುದಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತೊಳೆದು ಮಜ್ಜಿಗೆಯನ್ನೆಲ್ಲ ಹಿಂಡಿ ತೆಗೆಯಿರಿ. ಅದರಲ್ಲಿ ಉಳಿದ ನೀರೂ ಹದಕ್ಕೆ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಸುತ್ತು. ಎಪ್ಪತ್ತಕ್ಕೂ ನೂರಕ್ಕೂ ಇರುವ ವ್ಯತ್ಯಾಸದ ಮೂಲ ಇದೇ. ಹೊರಗಿನ ಸುತ್ತು ಒಳಗಿನದಕ್ಕಿಂತ ಉದ್ದ. ಮೊದಲ ಸುತ್ತಿಗೆ ಒಂದು ಪಾಲು ಎಳೆ ಬೇಕಾದರೆ ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಐದು, ನಾಲ್ಕನೆಯದಕ್ಕೆ ಏಳು ಪಾಲು ಬೇಕು. ಹಾಗಾಗಿ ಮೂರು ಸುತ್ತಿನ ಚಕ್ಕುಲಿಗೆ ಒಂಬತ್ತು ಪಾಲು ಹಿಡಿದರೆ ನಾಲ್ಕು ಸುತ್ತಿನದಕ್ಕೆ ಹದಿನಾರು. ನೋಡಲು ಒಂದೇ ಸುತ್ತು ಹೆಚ್ಚು, ಹಿಟ್ಟು ಮಾತ್ರ ಎರಡರಷ್ಟಕ್ಕೆ ಸಮೀಪ. ಸುಮಾರು ಎಂಟು ಮಿಲಿಮೀಟರು ಅಗಲದ ನಕ್ಷತ್ರದ ತೂತಿನ ಬಿಲ್ಲೆ ಹಾಕಿ ಒತ್ತಿದರೆ ಮೂರು ಸುತ್ತಿನದು ಹಸಿಯಲ್ಲಿ 14 ಗ್ರಾಂ, ನಾಲ್ಕು ಸುತ್ತಿನದು 25 ಗ್ರಾಂ ಆಸುಪಾಸು ತೂಗುತ್ತದೆ. 1,800 ಗ್ರಾಂ ಹಿಟ್ಟಿಗೆ ಮೊದಲನೆಯದು 128 ಆಗುತ್ತದೆ, ಎರಡನೆಯದು 72. ಬಿಲ್ಲೆ ಬದಲಾದರೆ ಈ ಲೆಕ್ಕವೂ ಬದಲು.

ಕರಿಯುವಾಗ ಕಲಸಿದ ಹಿಟ್ಟನ್ನು ಗಂಟೆಗಟ್ಟಲೆ ಇಡದೆ, ಒಂದೆರಡು ಬಾಣಲೆಗೆ ಆಗುವಷ್ಟನ್ನೇ ನೀರು ಹಾಕಿ ನಾದಿಕೊಳ್ಳಿ. ಒಣ ಮಿಶ್ರಣ ಕಾಯುತ್ತದೆ, ಒದ್ದೆ ಹಿಟ್ಟು ಕಾಯುವುದಿಲ್ಲ. ಚೂರು ಹಿಟ್ಟು ಎಣ್ಣೆಗೆ ಬಿಟ್ಟಾಗ ತಳ ಮುಟ್ಟಿ ನಿಧಾನವಾಗಿ ಮೇಲೆದ್ದರೆ ಕಾವು ಸರಿ. ಸುತ್ತಲಿನ ಗುಳ್ಳೆಗಳು ಅಡಗಿದಾಗ ಒಳಗಿನ ನೀರು ಆರಿದೆ ಎಂದರ್ಥ, ಆಗ ತೆಗೆಯಬೇಕು. ಬಣ್ಣವನ್ನಷ್ಟೇ ನಂಬಿ ಮೊದಲೇ ತೆಗೆದರೆ ಮಾರನೆಯ ದಿನ ನಡುಭಾಗ ಮೆತ್ತಗಿರುತ್ತದೆ.

ಸೀಮಂತಕ್ಕೆ ನಾಲ್ಕು ಸುತ್ತಿನ 200 ಚಕ್ಕುಲಿ ಬೇಕು ಎನ್ನಿ. 72ರಂತೆ ಮೂರು ಕಿಲೋ ಹಿಟ್ಟಿಗೆ 216 ಬರುತ್ತವೆ. ಒರಳಿನ ಗೋಡೆಗೆ ಅಂಟಿ ಉಳಿಯುವ ಹಿಟ್ಟು, ಸೌಟಿನಲ್ಲಿ ಮುರಿಯುವುದು, ರುಚಿ ನೋಡಲು ಮಕ್ಕಳ ಕೈಗೆ ಹೋಗುವುದು, ಇವಕ್ಕೆ ಆ ಹದಿನಾರು. ಅಂದರೆ 2.4 ಕಿಲೋ ಅಕ್ಕಿಹಿಟ್ಟು, 600 ಗ್ರಾಂ ಉದ್ದಿನ ಹಿಟ್ಟು, 300 ಗ್ರಾಂ ಬೆಣ್ಣೆ. ಮೊದಲು ಒತ್ತಿದ ಹಸಿ ಚಕ್ಕುಲಿಯನ್ನು ತಕ್ಕಡಿಗೆ ಹಾಕಿ ನೋಡಿ. 30 ಗ್ರಾಂ ತೂಗಿದರೆ ಮೂರು ಕಿಲೋ ಹಿಟ್ಟು 180ಕ್ಕೇ ಮುಗಿಯುತ್ತದೆ. ಆಗ ಬಿಲ್ಲೆ ಬದಲಿಸಬೇಕು, ಇಲ್ಲವೇ ಕೊನೆಯ ಸುತ್ತನ್ನು ಅರ್ಧಕ್ಕೇ ನಿಲ್ಲಿಸಬೇಕು.